ನಮ್ಮ ಏರಿಯಾ ಯಾವ ವಾರ್ಡಿಗೆ ಸೇರುತ್ತೆ, ಎಷ್ಟು ಜನ ಇದೀವಿ: ನಗರಸಭೆಗೆ ಕೊಟ್ಟ ಮೂರು ಅರ್ಜಿ

ಹೋದ ವರ್ಷ ಅಂದ್ರೆ 2025ರ ಜೂನಲ್ಲಿ ಶುರುವಾಗಿದ್ದು ಇದು. ನನ್ನ ಮಗಳಿಗೆ ಮೂರು ವರ್ಷ ತುಂಬಿತ್ತು, ಅಂಗನವಾಡಿಗೆ ಸೇರಿಸೋಣ ಅಂತ ಕರ್ಕೊಂಡು ಹೋದೆ. ಒಂದು ಬಾಡಿಗೆ ರೂಮು, ಹತ್ತು ಅಡಿ ಹನ್ನೆರಡು ಅಡಿ ಇರಬಹುದು ಅಷ್ಟೇ, ಅದರಲ್ಲೇ ಒಂದು ಮೂಲೇಲಿ ಗ್ಯಾಸ್ ಸ್ಟವ್ವು, ಹಾಲಿನ ಪುಡಿ ಪ್ಯಾಕೆಟ್ಟು, ತೂಕದ ಮೆಷಿನ್ನು, ಉಳಿದ ಜಾಗದಲ್ಲಿ ಚಾಪೆ ಮೇಲೆ ಮಕ್ಕಳು ಒತ್ಕೊಂಡು ಕೂತಿದ್ವು. ಟೀಚರ್ ಬಾಗಿಲ ಹತ್ರನೇ ಬಂದು, "ಸೇರಿಸ್ಕೊಳಲ್ಲ ಅಂತಲ್ಲ ಅಕ್ಕ, ಎಲ್ಲಿ ಕೂರಿಸ್ಲಿ ನೀವೇ ನೋಡಿ" ಅಂದ್ರು. ಅವರ ತಪ್ಪೇನಿಲ್ಲ. ನಮ್ಮ ಏರಿಯಾಗೆ ಇರೋದೇ ಎರಡು ಅಂಗನವಾಡಿ, ಅವೆರಡೂ ನಾವು ಚಿಕ್ಕವರಿದ್ದಾಗಿಂದ ಇರೋವೇ.

ಹಾಗಾಗಿ ನಾವು ನಾಲ್ಕೈದು ಜನ ತಾಯಂದಿರು ಸೇರ್ಕೊಂಡು, ಅಂಗನವಾಡಿಗಳನ್ನ ನೋಡ್ಕೊಳ್ಳೋ ಸಿಡಿಪಿಓ ಆಫೀಸಿಗೆ ಹೋದ್ವಿ. ಅಲ್ಲಿನ ಮೇಡಂ ಕೂರಿಸಿ ಮಾತಾಡಿದ್ರು. ಅಂಗನವಾಡಿ ಮಂಜೂರು ಮಾಡೋಕೆ ಜನಸಂಖ್ಯೆ ಲೆಕ್ಕ ಇದೆಯಂತೆ, 400ರಿಂದ 800 ಜನಕ್ಕೆ ಒಂದು, 800ರಿಂದ 1,600ಕ್ಕೆ ಎರಡು, ಹಾಗೇ ಪ್ರತಿ 800ಕ್ಕೆ ಒಂದೊಂದು ಜಾಸ್ತಿ. "ಬರೀ ಮಕ್ಕಳು ಜಾಸ್ತಿ ಇದಾರೆ ಅಂತ ಬರ್ಕೊಟ್ರೆ ಮೇಲಿನವರು ಕೇಳೋ ಮೊದಲ ಪ್ರಶ್ನೆನೇ ಇದು, ಯಾವ ವಾರ್ಡು, ಎಷ್ಟು ಜನಸಂಖ್ಯೆ ಅಂತ. ಅದನ್ನ ನಗರಸಭೆಯಿಂದ ತಗೊಂಡ್ ಬನ್ನಿ, ನಾನು ಪ್ರಸ್ತಾವನೆ ಕಳಿಸ್ತೀನಿ" ಅಂದ್ರು. ಕೇಳೋಕೆ ಸುಲಭದ ಕೆಲಸ ಅನ್ನಿಸ್ತು. ನಗರಸಭೆ ಅಂದ್ಮೇಲೆ ಅವರ ಊರಲ್ಲಿ ಎಷ್ಟು ಜನ ಇದಾರೆ ಅಂತ ಅವರ ಹತ್ರ ಇರಲ್ವಾ?

ನಾನು ಮನೇಲಿ ಮಕ್ಕಳಿಗೆ ಟ್ಯೂಷನ್ ಹೇಳ್ಕೊಡ್ತೀನಿ, ಅರ್ಜಿ ಬರೆಯೋದು ಕಷ್ಟ ಅಲ್ಲ, ಅದಕ್ಕೆ ಬರೆಯೋ ಜವಾಬ್ದಾರಿ ನನ್ನ ಮೇಲೇ ಬಂತು. ಜೂನ್ 9ಕ್ಕೆ ಮೊದಲನೇ ಅರ್ಜಿ ಕೊಟ್ಟೆ. ಅದರಲ್ಲಿ ಬರೆದಿದ್ದು ಇಷ್ಟು:

> ಮಾನ್ಯರೇ,
> ವಿಷಯ: ನಮ್ಮ ಬಡಾವಣೆಯ ವಾರ್ಡ್ ಗಡಿ ಹಾಗೂ ಪ್ರಸ್ತುತ ಜನಸಂಖ್ಯೆಯ ಮಾಹಿತಿ ಒದಗಿಸುವಂತೆ ಕೋರಿ.
> ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ವಾರ್ಡ್ ನಂ. 14ರ ವ್ಯಾಪ್ತಿಗೆ ಬರುವ ನಮ್ಮ ಬಡಾವಣೆಯ ಈಗಿನ ಗಡಿ ಮತ್ತು ಈಗಿನ ಒಟ್ಟು ಜನಸಂಖ್ಯೆಯ ವಿವರಗಳನ್ನು ದಯಮಾಡಿ ನೀಡಬೇಕೆಂದು ಕೋರುತ್ತೇವೆ.

ಟಪಾಲು ವಿಭಾಗದಲ್ಲಿ ಕೊಟ್ಟು ನನ್ನ ಪ್ರತಿ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸ್ಕೊಂಡೆ. ಇದೊಂದು ಸರಿಯಾಗಿ ಮಾಡಿದ್ದಕ್ಕೆ ಮುಂದೆ ಎಷ್ಟೋ ಸಲ ಕೆಲಸಕ್ಕೆ ಬಂತು, ಯಾಕಂದ್ರೆ ಆಮೇಲೆ ಪ್ರತಿ ಸಲ ಹೋದಾಗ್ಲೂ ಕೇಳಿದ್ದು ಅರ್ಜಿ ಯಾವಾಗ ಕೊಟ್ರಿ ಅಂತಲ್ಲ, ಇನ್‌ವರ್ಡ್ ನಂಬರ್ ಏನು ಅಂತ.

ಜುಲೈ 3ಕ್ಕೆ ಹಿಂಬರಹ ಬಂತು. ಎರಡೇ ಸಾಲು. ಕೋರಿರುವ ಮಾಹಿತಿ ಈ ಕಛೇರಿಯಲ್ಲಿ ಲಭ್ಯವಿರುವುದಿಲ್ಲ, ಜನಗಣತಿ ಇಲಾಖೆಯನ್ನು ಸಂಪರ್ಕಿಸುವುದು, ಅಂತ. ಕೈಯಲ್ಲಿ ಹಿಡ್ಕೊಂಡು ತುಂಬಾ ಹೊತ್ತು ಕೂತಿದ್ದೆ. ಬೇಜಾರು ಅನ್ನೋದಕ್ಕಿಂತ ಸಿಟ್ಟು ಬಂದಿತ್ತು, ನಮ್ಮ ವಾರ್ಡಿನ ಗಡಿ ನಗರಸಭೆ ಹತ್ರ ಇಲ್ಲ ಅಂದ್ರೆ ಹೆಂಗೆ ಅಂತ. ಮಾರನೇ ದಿನನೇ ಹೋದೆ.

ಅಲ್ಲಿ ಚುನಾವಣಾ ಶಾಖೆ ಕೆಲಸ ನೋಡ್ಕೊಳ್ಳೋ ಒಬ್ರು ಸರ್ ಇದ್ರು, ರಿಟೈರ್ ಆಗೋಕೆ ಹತ್ರ ಬಂದಿರೋ ವಯಸ್ಸು. ನನ್ನ ಅರ್ಜಿ ಓದಿ ಕನ್ನಡಕ ತೆಗೆದಿಟ್ಟು ಹೇಳಿದ್ರು, "ಅಮ್ಮಾ, ನೀವು ಕೇಳಿರೋದು ಇಲ್ಲಿ ನಿಜವಾಗ್ಲೂ ಇಲ್ಲ. ಬಡಾವಣೆ ಲೆಕ್ಕದಲ್ಲಿ ಜನಸಂಖ್ಯೆ ಯಾರೂ ಇಟ್ಟಿರಲ್ಲ. ಈಗಿನ ಜನಸಂಖ್ಯೆ ಅನ್ನೋದೂ ಇಲ್ಲ, ಇರೋದು 2011ರದ್ದು. ಇನ್ನು ನೀವು ಹಾಕಿರೋ 14 ಹಳೇ ನಂಬರು, ಈಗ 14ನೇ ವಾರ್ಡು ಬಸ್ ಸ್ಟ್ಯಾಂಡ್ ಕಡೆ ಇದೆ. ಮಾಹಿತಿ ಬೇಕು ಅಂತ ಬರೀಬೇಡಿ, ಯಾವ ಕಡತದಲ್ಲಿರೋ ಯಾವ ಕಾಗದ ಬೇಕು ಅಂತ ಬರೀರಿ. ಆಗ ನಾವು ಇಲ್ಲ ಅನ್ನೋಕಾಗಲ್ಲ."

ಆ ಹತ್ತು ನಿಮಿಷದ ಮಾತು ಇಲ್ಲದಿದ್ರೆ ನಾನು ಅಲ್ಲಿಗೇ ಬಿಟ್ಬಿಡ್ತಿದ್ದೆ ಅನ್ಸುತ್ತೆ. ಅವರು ಹೇಳಿದ್ದನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಬರೀತೀನಿ, ಯಾಕಂದ್ರೆ ನಮ್ಮ ಹಾಗೆ ಯಾವ್ದೋ ಒಂದು ಏರಿಯಾಗೆ ಪಾರ್ಕೋ ಕ್ಲಿನಿಕ್ಕೋ ಲೈಬ್ರರಿನೋ ಕೇಳೋರಿಗೆಲ್ಲ ಇದೇ ಗಂಟು ಎದುರಾಗುತ್ತೆ.

ಜನಸಂಖ್ಯೆ ಎಣಿಸೋದು ಕೇಂದ್ರದ ಜನಗಣತಿಯವರು. ಕೊನೇ ಸಲ ಎಣಿಸಿದ್ದು 2011ರಲ್ಲಿ, ಆಗ ಊರಲ್ಲಿದ್ದ ವಾರ್ಡುಗಳ ಪ್ರಕಾರ ಅಂಕಿ ಪ್ರಕಟ ಆಯ್ತು. 2021ರದ್ದು ಕೋವಿಡ್‌ನಿಂದ ನಿಂತೇ ಹೋಯ್ತು. ಈ ಮಧ್ಯೆ ನಮ್ಮೂರಲ್ಲಿ 2018ರ ಚುನಾವಣೆಗೆ ಮುಂಚೆ ವಾರ್ಡುಗಳನ್ನ ಹೊಸದಾಗಿ ವಿಂಗಡಿಸಿದ್ರು. ಆ ಹೊಸ ವಾರ್ಡುಗಳಿಗೆ ಯಾವ ಜನಸಂಖ್ಯೆ ತಗೊಂಡ್ರು? ಅದೇ 2011ರದ್ದು. ಸಂವಿಧಾನದಲ್ಲೇ ಹಾಗಿದೆ, ನಗರಾಡಳಿತದ ಮಟ್ಟಿಗೆ ಜನಸಂಖ್ಯೆ ಅಂದ್ರೆ ಕೊನೇ ಸಲ ಅಂಕಿ ಪ್ರಕಟ ಆದ ಗಣತಿಯದ್ದು ಅಂತ. ಅಂದ್ರೆ ಗಡಿ 2018ರದ್ದು, ತಲೆ ಎಣಿಕೆ 2011ರದ್ದು. ಹಳೇ ವಾರ್ಡಿನ ಜನರನ್ನ ಹೊಸ ವಾರ್ಡುಗಳಿಗೆ ಹಂಚಬೇಕಾದ್ರೆ ವಾರ್ಡಿಗಿಂತ ಚಿಕ್ಕ ತುಂಡು ಬೇಕಲ್ಲ, ಆ ತುಂಡೇ ಗಣತಿ ಬ್ಲಾಕು. ಗಣತಿಗೆ ಒಬ್ಬ ಮೇಷ್ಟ್ರು ಮನೆಮನೆಗೆ ಬರ್ತಾರಲ್ಲ, ಅವರೊಬ್ಬರಿಗೆ ಹಂಚಿದ ಮನೆಗಳ ಗುಂಪು ಒಂದು ಬ್ಲಾಕು, ಸುಮಾರಾಗಿ 600ರಿಂದ 800 ಜನ. ಈ ಬ್ಲಾಕ್‌ಗಳನ್ನ ಹೊಂದಿಸಿ ಹೊಸ ವಾರ್ಡ್ ಮಾಡಿರ್ತಾರೆ. ಆ ಪಟ್ಟಿ ಪುನರ್ವಿಂಗಡಣೆ ಕಡತದಲ್ಲಿ ಇರುತ್ತೆ. ನಮಗೆ ಬೇಕಾಗಿದ್ದು ಅದು.

ಮನೆಗೆ ಬಂದು ಮೊದಲು ಹಳೇ ಅಂಕಿ ನೋಡಿದೆ. `censusindia.gov.in` ನಲ್ಲಿ 2011ರ ಪ್ರಾಥಮಿಕ ಜನಗಣತಿ ಸಾರ ಅಂತ ಜಿಲ್ಲೆವಾರು ಎಕ್ಸೆಲ್ ಫೈಲ್ ಸಿಗುತ್ತೆ, ಅದರಲ್ಲಿ ಊರಿನ ಹೆಸರಿನ ಕೆಳಗೆ ವಾರ್ಡುಗಳು ಒಂದೊಂದು ಸಾಲು. `No_HH` ಅಂದ್ರೆ ಕುಟುಂಬಗಳು, `TOT_P` ಒಟ್ಟು ಜನ, `P_06` ಅಂದ್ರೆ ಸೊನ್ನೆಯಿಂದ ಆರು ವರ್ಷದ ಮಕ್ಕಳು. ನಮ್ಮ ಹಳೇ 14ನೇ ವಾರ್ಡಿನ ಸಾಲಲ್ಲಿ 980 ಕುಟುಂಬ, 4,214 ಜನ, 486 ಮಕ್ಕಳು ಇದ್ರು. ಮೊದಲು ಆ 486 ನೋಡಿ ಖುಷಿಯಾಯ್ತು, ಇದನ್ನೇ ಹಾಕಿದ್ರೆ ಆಯ್ತು ಅಂತ. ಆಮೇಲೆ ನನ್ನ ಟ್ಯೂಷನ್ ಮಕ್ಕಳನ್ನ ನೋಡ್ತಾ ಹೊಳೀತು, ಆ 486 ಮಕ್ಕಳು ಈಗ ಇಲ್ಲೇ ನನ್ನೆದುರು ಕೂತು ಎಸ್ಸೆಸ್ಸೆಲ್ಸಿ ಓದ್ತಿದಾರೆ, ಕೆಲವರು ಡಿಗ್ರಿಗೆ ಹೋಗಿದಾರೆ. ಒಟ್ಟು ಜನಸಂಖ್ಯೆ 14 ವರ್ಷ ಹಳೇದಾದ್ರೂ ಕನಿಷ್ಠ ಇಷ್ಟು ಇದೆ ಅಂತ ವಾದ ಮಾಡಬಹುದು, ಆದ್ರೆ ಅಂಗನವಾಡಿ ವಯಸ್ಸಿನ ಮಕ್ಕಳ ಲೆಕ್ಕವನ್ನ ಅಷ್ಟು ಹಳೇ ಕಾಗದದಿಂದ ತಗೊಳ್ಳೋಕೇ ಆಗಲ್ಲ. ಅದನ್ನ ನಮ್ಮ ಮನವಿಯಿಂದ ಪೂರ್ತಿ ಕೈಬಿಟ್ವಿ.

ಹೊಸ ವಾರ್ಡ್ ನಂಬರ್ ಗೊತ್ತಾಗಿದ್ದು ಮತದಾರರ ಪಟ್ಟಿಯಿಂದ. ನಗರಸಭೆ ಚುನಾವಣೆಗೆ ವಾರ್ಡುವಾರು ಪಟ್ಟಿ ಮಾಡಿರ್ತಾರೆ, ಅದರಲ್ಲಿ ಹುಡುಕಿದ್ರೆ ನಮ್ಮ ಮನೆ 12ನೇ ವಾರ್ಡು, ಎದುರು ಸಾಲಿನ ನಮ್ಮತ್ತೆ ಮನೆ 13ನೇ ವಾರ್ಡು. 80 ಅಡಿ ರಸ್ತೆ ಮಧ್ಯದಲ್ಲಿ ಗೀಟು ಎಳೆದು ನಮ್ಮ ಏರಿಯಾನ ಎರಡು ಭಾಗ ಮಾಡಿದಾರೆ. ಇನ್ನೊಂದು ವಿಷಯ, ಕಂದಾಯ ರಶೀದಿ ನೋಡಿ ವಾರ್ಡ್ ನಂಬರ್ ಬರೀಬೇಡಿ. ನಾನು 14 ಅಂತ ಬರೆದಿದ್ದು ಅದನ್ನ ನೋಡ್ಕೊಂಡೇ. ಆಸ್ತಿ ಲೆಕ್ಕಕ್ಕೆ ಅಂತ ಅವರು ಇಟ್ಕೊಂಡಿರೋ ವಾರ್ಡು ನಮ್ಮೂರಲ್ಲಿ ಹಳೇದೇ ಮುಂದುವರೆದಿದೆ, ಚುನಾವಣೆ ವಾರ್ಡಿಗೂ ಅದಕ್ಕೂ ಸಂಬಂಧ ಇಲ್ಲ.

ಎರಡನೇ ಅರ್ಜಿನ ಮಾಹಿತಿ ಹಕ್ಕಿನಲ್ಲಿ ಹಾಕಿದೆ, ಜುಲೈ 14ಕ್ಕೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು ಅಂತಿದೆ, ಅದಕ್ಕೆ ಅಂಗನವಾಡಿ ಕಷ್ಟ ಎಲ್ಲ ಬರೆದಿದ್ದನ್ನ ಹೊಡೆದು ಹಾಕಿ ಇಷ್ಟೇ ಉಳಿಸಿದೆ:

> 1. ನಗರಸಭೆಯ ವಾರ್ಡ್ ಪುನರ್ವಿಂಗಡಣೆ ಕುರಿತು ಈಗ ಜಾರಿಯಲ್ಲಿರುವ ಅಂತಿಮ ಅಧಿಸೂಚನೆಯ ಪ್ರತಿ, ಹಾಗೂ ಅದರ ಅನುಸೂಚಿಯಲ್ಲಿರುವ ವಾರ್ಡ್ ನಂ. 12 ಮತ್ತು 13ರ ಚೆಕ್ಕುಬಂದಿ ವಿವರ.
> 2. ಸದರಿ ಪುನರ್ವಿಂಗಡಣೆ ಕಡತದಲ್ಲಿ, ಈ ಎರಡು ವಾರ್ಡ್‌ಗಳಿಗೆ ಸೇರಿಸಿರುವ 2011ರ ಗಣತಿ ಬ್ಲಾಕ್‌ಗಳ ಸಂಖ್ಯೆ, ಸ್ಥಳ ಮತ್ತು ಬ್ಲಾಕ್‌ವಾರು ಒಟ್ಟು ಜನಸಂಖ್ಯೆಯ ಪಟ್ಟಿಯ ಪ್ರತಿ.
> 3. ಸದರಿ ವಾರ್ಡ್‌ಗಳ ನಕ್ಷೆಯ ದೃಢೀಕೃತ ಪ್ರತಿ.

ಈ ಮೂರರಲ್ಲಿ ಯಾವುದರಲ್ಲೂ "ಎಷ್ಟು", "ಯಾಕೆ", "ಲೆಕ್ಕ ಮಾಡಿ ಕೊಡಿ" ಅನ್ನೋ ಮಾತಿಲ್ಲ ನೋಡಿ. ಇರೋ ಕಾಗದ ಕೊಡೋದು ಅವರ ಕರ್ತವ್ಯ, ಇಲ್ಲದ್ದನ್ನ ಹೊಸದಾಗಿ ತಯಾರಿಸಿ ಕೊಡೋದಲ್ಲ. ನನ್ನ ಮೊದಲನೇ ಅರ್ಜಿ ಬಿದ್ದಿದ್ದೇ ಇಲ್ಲಿ. ಇನ್ನೊಂದು ಭಯ ಇತ್ತು, ಗಣತಿ ವಿವರ ಗೌಪ್ಯ ಅಂತ ವಾಪಸ್ ಕಳಿಸ್ತಾರೇನೋ ಅಂತ. ಒಬ್ಬೊಬ್ಬರ ಮನೆಯಲ್ಲಿ ತುಂಬಿದ ಫಾರಂ ಗೌಪ್ಯ, ಅದು ನಿಜ, 1948ರ ಜನಗಣತಿ ಕಾಯ್ದೆಯಲ್ಲೇ ಇದೆ. ಆದ್ರೆ ಬ್ಲಾಕಿನ ಒಟ್ಟು ಮೊತ್ತದಲ್ಲಿ ಯಾರ ಹೆಸರೂ ಇರಲ್ಲ, ಹೆಸರಾಗಲಿ ಮನೆ ನಂಬರಾಗಲಿ ನಾನು ಕೇಳೂ ಇಲ್ಲ. ಅದಕ್ಕೇ "ಒಟ್ಟು" ಅನ್ನೋ ಪದ ಬೇಕಂತಲೇ ಹಾಕಿದ್ದೆ.

ಆಗಸ್ಟ್ 5ಕ್ಕೆ ಪತ್ರ ಬಂತು, 23 ಪುಟ ಇದೆ, ಪುಟಕ್ಕೆ ಎರಡು ರೂಪಾಯಿ ಹಾಗೆ 46 ರೂಪಾಯಿ ಕಟ್ಟಿ ತಗೊಂಡು ಹೋಗಿ ಅಂತ. ಕಟ್ಟಿದ ವಾರಕ್ಕೆ ಕೈಗೆ ಸಿಕ್ತು. ನಕ್ಷೆ ಮಾತ್ರ ಕೊಡೋಕೆ ಇಲ್ಲ ಅಂದ್ರು, ದೊಡ್ಡ ಹಾಳೆ, ಗೋಡೆಗೆ ಅಂಟಿಸಿದಾರೆ, ಜೆರಾಕ್ಸ್ ಆಗಲ್ಲ. ಆ ಸರ್ ಅನುಮತಿ ಕೊಡಿಸಿದ್ರು, ಮೊಬೈಲಲ್ಲಿ ನಾಲ್ಕು ಭಾಗ ಮಾಡಿ ಫೋಟೋ ತೆಗೆದ್ಕೊಂಡೆ.

ಚೆಕ್ಕುಬಂದಿ ಓದೋದು ಒಂದು ಬೇರೆ ವಿದ್ಯೆನೇ. ಜಮೀನು ಪತ್ರದಲ್ಲಿ ಇರುತ್ತಲ್ಲ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ ಅಂತ, ಅದೇ ಧಾಟಿ. ನಮ್ಮ 12ನೇ ವಾರ್ಡಿನ ಉತ್ತರಕ್ಕೆ ಅಕ್ಕಿ ಗಿರಣಿಯಿಂದ ಪ್ರಾರಂಭವಾಗಿ ರಾಜಕಾಲುವೆವರೆಗೆ ಅಂತ ಬರೆದಿದಾರೆ. ಅಕ್ಕಿ ಗಿರಣಿ ಎಲ್ಲಿದೆ ಈಗ? ನಾನು ಮದುವೆ ಆಗಿ ಬರೋ ಹೊತ್ತಿಗೇ ಅದು ಮುಚ್ಚಿತ್ತಂತೆ, ಆ ಜಾಗದಲ್ಲಿ ಕಲ್ಯಾಣ ಮಂಟಪ ಆಗಿದೆ. ನಮ್ಮ ಮಾವನವರನ್ನ ಕರ್ಕೊಂಡು ಒಂದು ಭಾನುವಾರ ಬೆಳಿಗ್ಗೆ ಗಡಿ ಪೂರ್ತಿ ನಡೆದ್ವಿ, ಅವರು ಕೋಲು ಊರ್ಕೊಂಡು ನಿಧಾನಕ್ಕೆ ಮುಂದೆ, ನಾನು ಕಾಗದ ಹಿಡ್ಕೊಂಡು ಹಿಂದೆ. ಕಲ್ಯಾಣ ಮಂಟಪದ ಹಿಂಭಾಗದಲ್ಲಿ ಗಿರಣಿಯ ಹಳೇ ಕಲ್ಲುಗೋಡೆ ಒಂದು ಮೂಲೆ ಇನ್ನೂ ನಿಂತಿದೆ, ಅದರ ಸಂದೀಲಿ ಒಂದು ಅರಳಿ ಗಿಡ ಎದ್ದಿದೆ. "ಇಲ್ಲಿಂದಾನೇ ಕಣಮ್ಮ, ಗಾಡಿ ನಿಲ್ತಿದ್ದಿದ್ದು ಇಲ್ಲೇ" ಅಂತ ಮಾವ ತೋರಿಸಿದ್ರು. ಫೋಟೋದಲ್ಲಿದ್ದ ನಕ್ಷೆಗೆ ಅದು ಕರೆಕ್ಟಾಗಿ ಕೂತ್ಕೊಳ್ತು. ಊರಿನ ಹಳಬರನ್ನ ಬಿಟ್ಟು ಈ ಕೆಲಸ ಆಗಲ್ಲ, ಇದನ್ನ ಮಾತ್ರ ಗಟ್ಟಿಯಾಗಿ ಹೇಳ್ತೀನಿ.

ಬ್ಲಾಕ್ ಪಟ್ಟಿಯಲ್ಲಿ ಒಂದು ತೊಡಕು ಸಿಕ್ತು. ಸ್ಥಳದ ಕಾಲಂ ನೋಡಿ ನಮ್ಮ ಏರಿಯಾದ ಐದು ಬ್ಲಾಕ್ ಗುರುತಿಸಿದೆ. 12ನೇ ವಾರ್ಡಿನಲ್ಲಿ ಮೂರು, ಅವುಗಳ ಜನಸಂಖ್ಯೆ 612, 704, 588. 13ನೇ ವಾರ್ಡಿನಲ್ಲಿ ಎರಡು ಇರಬೇಕಿತ್ತು, 731 ಮತ್ತು 497, ಆದ್ರೆ ಅಲ್ಲೂ 588 ಅಂತ ಮತ್ತೊಂದು ಸಾಲು, ಅದೇ ಬ್ಲಾಕ್ ನಂಬರು. ಒಂದೇ ಬ್ಲಾಕು ಎರಡು ವಾರ್ಡಲ್ಲಿ ಹೆಂಗಿರುತ್ತೆ? ಅರ್ಧ ಅಲ್ಲಿ ಅರ್ಧ ಇಲ್ಲಿ ಮಾಡಿದಾರಾ ಅಂತ ತಲೆ ಕೆಡಿಸ್ಕೊಂಡೆ. ಕೊನೆಗೆ ಎರಡೂ ವಾರ್ಡಿನ ಎಲ್ಲಾ ಬ್ಲಾಕ್‌ಗಳನ್ನ ಕೂಡಿ ನೋಡಿದೆ. 12ರದ್ದು ಕೂಡಿದ್ರೆ ಅಧಿಸೂಚನೆಯಲ್ಲಿ ಪ್ರಿಂಟ್ ಆಗಿರೋ ವಾರ್ಡ್ ಒಟ್ಟಿಗೆ ಸರಿಯಾಗಿ ಬರುತ್ತೆ. 13ರದ್ದು ಕೂಡಿದ್ರೆ 3,784 ಬರುತ್ತೆ, ಆದ್ರೆ ಅಧಿಸೂಚನೆಯಲ್ಲಿರೋದು 3,196. ವ್ಯತ್ಯಾಸ ಎಷ್ಟು? ಸರಿಯಾಗಿ 588. ಅಂದ್ರೆ ಆ ಬ್ಲಾಕನ್ನ 12ಕ್ಕೇ ಲೆಕ್ಕ ಹಿಡಿದಿದಾರೆ, 13ರ ಪಟ್ಟಿ ಟೈಪ್ ಮಾಡೋವಾಗ ಆ ಸಾಲು ತಪ್ಪಿ ಉಳ್ಕೊಂಡಿದೆ. ಬ್ಲಾಕ್ ಪಟ್ಟಿ ಕೈಗೆ ಸಿಕ್ಕಿದ ತಕ್ಷಣ ಹೀಗೆ ಒಂದ್ಸಲ ಕೂಡಿ ನೋಡಿ, ಹತ್ತು ನಿಮಿಷದ ಕೆಲಸ. ನಾನು ನೋಡದೇ ಹಾಗೇ ಬರೆದಿದ್ರೆ 588 ಜನರನ್ನ ಎರಡು ಸಲ ಎಣಿಸಿ ಕಳಿಸಿರ್ತಿದ್ದೆ, ಮೇಲೆ ಯಾರಾದ್ರೂ ಹಿಡಿದಿದ್ರೆ ಇಡೀ ಮನವಿ ಮೇಲೆ ನಂಬಿಕೆ ಹೋಗ್ತಿತ್ತು.

ಈಗ ಐದೂ ಬ್ಲಾಕ್ ಕೂಡಿದ್ರೆ 3,132. ಆದ್ರೆ ಆ ಕೊನೇ 497ರ ಬ್ಲಾಕ್ ಇದೆಯಲ್ಲ, ಅದರ ಮನೆಗಳು ಸ್ವಲ್ಪ ನಮ್ಮ ಕಡೆ, ಸ್ವಲ್ಪ ಪಕ್ಕದ ನಗರದ ಕಡೆ. ಬ್ಲಾಕನ್ನ ನಾವು ಕತ್ತರಿಸೋಕಾಗಲ್ಲ, ಒಳಗಿನ ಮನೆವಾರು ಲೆಕ್ಕ ಯಾರೂ ಕೊಡಲ್ಲ. ಹಾಗಾಗಿ ಮನವಿಯಲ್ಲಿ ಒಂದೇ ಅಂಕಿ ಬರೆಯೋ ಬದಲು ಕನಿಷ್ಠ 2,635, ಗರಿಷ್ಠ 3,132 ಅಂತ ಬರೆದ್ವಿ. ನಮ್ಮ ಗುಂಪಿನಲ್ಲಿ ಇದಕ್ಕೆ ಜಗಳನೇ ಆಯ್ತು. "ಜಾಸ್ತಿ ಇರೋದನ್ನೇ ಹಾಕೇ, ಸರ್ಕಾರದವರು ಹೇಗಿದ್ರೂ ಕಮ್ಮಿ ಮಾಡ್ತಾರೆ" ಅಂತ ಹಿಂದಿನ ರೋಡಿನ ಅಕ್ಕ ಹಠ ಹಿಡಿದ್ರು. ನಾನು ಒಪ್ಪಲಿಲ್ಲ. ಕಮ್ಮಿ ಇರೋ 2,635ನ್ನೇ ಹಿಡಿದ್ರೂ 800ಕ್ಕೊಂದರಂತೆ ಮೂರು ಅಂಗನವಾಡಿ ದಾಟಿ ನಾಲ್ಕನೇದಕ್ಕೆ ಹೋಗುತ್ತೆ, ಇರೋದು ಎರಡು. ಕಮ್ಮಿ ಲೆಕ್ಕದಲ್ಲೇ ನಮ್ಮ ಕೋರಿಕೆ ನಿಲ್ಲೋವಾಗ ಜಾಸ್ತಿ ಲೆಕ್ಕ ಯಾಕೆ ಬೇಕು? ಇದನ್ನ ಹೇಳಿದ್ಮೇಲೆ ಅಕ್ಕನೂ ಸುಮ್ಮನಾದ್ರು.

ಇಷ್ಟಾದ್ರೂ ಒಂದು ಭಾಗ ಲೆಕ್ಕದಲ್ಲೇ ಇರಲಿಲ್ಲ, ನಮ್ಮ ಏರಿಯಾದ ಹಿಂದಿನ ಎರಡನೇ ಹಂತ. 2011ರಲ್ಲಿ ಅದು ಜೋಳದ ಹೊಲ, ಸೈಟು ಹಂಚಿದ್ದು 2014ರ ನಂತರ. ಹೊಲದಲ್ಲಿ ಎಣಿಸೋಕೆ ಯಾರಿದ್ರು? ಗಣತಿ ಕಾಗದದ ಪ್ರಕಾರ ಅಲ್ಲಿ ಜನನೇ ಇಲ್ಲ, ಆದ್ರೆ ಅಂಗನವಾಡಿಗೆ ಜಾಸ್ತಿ ಮಕ್ಕಳು ಬರೋದೇ ಅಲ್ಲಿಂದ. ಅದಕ್ಕೆ ಮೂರನೇ ಅರ್ಜಿ, ಈ ಸಲ ಕಂದಾಯ ಶಾಖೆಗೆ, ಎರಡನೇ ಹಂತದ ಆರು ರಸ್ತೆಗಳಲ್ಲಿ ವಾಸದ ಮನೆ ಅಂತ ತೆರಿಗೆ ಕಟ್ಟೋ ಆಸ್ತಿಗಳ ಸಂಖ್ಯೆ ಎಷ್ಟು, ಖಾಲಿ ನಿವೇಶನ ಬಿಟ್ಟು, ರಸ್ತೆವಾರು ಪಟ್ಟಿಯಿಂದ ಕೊಡಿ ಅಂತ. ಮಾಲೀಕರ ಹೆಸರು ಬೇಡ ಅಂತ ಸ್ಪಷ್ಟವಾಗಿ ಬರೆದೆ. ಇದು ಬೇಗ ಸಿಕ್ತು, ಮೂರು ವಾರ ಹಿಡೀಲಿಲ್ಲ. 186 ಮನೆ.

ಮನೆ ಗೊತ್ತಾಯ್ತು, ಜನ? ಹಳೇ 14ನೇ ವಾರ್ಡಿನ 4,214 ಜನರನ್ನ 980 ಕುಟುಂಬಕ್ಕೆ ಭಾಗಿಸಿದ್ರೆ ಕುಟುಂಬಕ್ಕೆ 4.3 ಬರುತ್ತೆ. 186ನ್ನ 4.3ರಿಂದ ಗುಣಿಸಿದ್ರೆ 800. ಇದು ಅಂದಾಜು ಅಷ್ಟೇ ಅಂತ ಗೊತ್ತಿತ್ತು, ಒಂದು ಆಸ್ತಿ ನಂಬರಲ್ಲಿ ಕೆಳಗೊಂದು ಮೇಲೊಂದು ಬಾಡಿಗೆ ಮನೆ ಇರುತ್ತೆ, ಕೆಲವು ಮನೆಗೆ ಬೀಗ ಹಾಕಿರುತ್ತೆ. ಅದಕ್ಕೆ ನಾವು ಮೂರು ಜನ ಮೂರು ಸಂಜೆ, ಟ್ಯೂಷನ್ ಮುಗಿದ ಮೇಲೆ, ನೋಟ್‌ಬುಕ್ ಹಿಡ್ಕೊಂಡು ಬಾಗಿಲು ಬಾಗಿಲು ತಟ್ಟಿದ್ವಿ. ಹೆಸರು ಕೇಳಲಿಲ್ಲ, ಮನೇಲಿ ಎಷ್ಟು ಜನ, ಆರು ವರ್ಷದ ಒಳಗಿನ ಮಕ್ಕಳು ಎಷ್ಟು, ಈ ಎರಡೇ ಪ್ರಶ್ನೆ. ಕೆಲವು ಕಡೆ ಕಾಫಿ ಕೊಟ್ರು, ಒಂದೆರಡು ಕಡೆ ಬಾಗಿಲು ತೆಗೀಲಿಲ್ಲ, ಅಂಥ ಮನೆಗೆ ಪಕ್ಕದವರನ್ನ ಕೇಳಿ ಬರೆಯೋದು ಬೇಡ ಅಂತ ಬಿಟ್ವಿ. 214 ಕುಟುಂಬ, 843 ಜನ. ಅಂದಾಜಿಗೆ ಹತ್ರನೇ ಬಂತು, ಆದ್ರೆ ಕಾರಣ ಬೇರೆ. ಕುಟುಂಬಗಳು ಮನೆ ನಂಬರಿಗಿಂತ ಜಾಸ್ತಿ, ಒಂದೊಂದು ಕುಟುಂಬದಲ್ಲಿ ಜನ ನಾಲ್ಕಕ್ಕಿಂತ ಸ್ವಲ್ಪ ಕಮ್ಮಿ. ಎರಡು ತಪ್ಪು ಒಂದಕ್ಕೊಂದು ಸರಿದೂಗಿದೆ. ಬೇರೆ ಏರಿಯಾದಲ್ಲಿ ಹೀಗೇ ಸರಿಹೋಗುತ್ತೆ ಅಂತ ನಂಬೋಕಾಗಲ್ಲ, ಅದರಲ್ಲೂ ವಠಾರ, ಪಿಜಿ ಜಾಸ್ತಿ ಇರೋ ಕಡೆ ಆಸ್ತಿ ಸಂಖ್ಯೆಯಿಂದ ಜನ ಲೆಕ್ಕ ಹಾಕಿದ್ರೆ ದೊಡ್ಡ ತಪ್ಪಾಗುತ್ತೆ.

ಅಕ್ಟೋಬರಲ್ಲಿ ಸಿಡಿಪಿಓ ಆಫೀಸಿಗೆ ಮನವಿ ಕೊಟ್ವಿ. ಅದರಲ್ಲಿ ಎರಡು ಅಂಕಿನ ಬೇರೆ ಬೇರೆ ಪ್ಯಾರಾದಲ್ಲಿ ಇಟ್ವಿ. ಹಳೇ ಭಾಗಕ್ಕೆ 2011ರ ಗಣತಿ, ಬ್ಲಾಕ್ ನಂಬರ್ ಸಮೇತ, ಅಧಿಸೂಚನೆ ಪ್ರತಿ ಲಗತ್ತು. ಎರಡನೇ ಹಂತಕ್ಕೆ ನಗರಸಭೆ ಕೊಟ್ಟ 186 ಮನೆ ಸಂಖ್ಯೆ, ಅದರ ಕೆಳಗೆ ನಿವಾಸಿಗಳೇ 2025ರಲ್ಲಿ ಎಣಿಸಿದ್ದು 843 ಅಂತ. ಎರಡನ್ನೂ ಕೂಡಿಸಿ ಒಂದು ದೊಡ್ಡ ಮೊತ್ತ ಬರೀಲಿಲ್ಲ. 14 ವರ್ಷ ಅಂತರದ ಎರಡು ಎಣಿಕೆನ ಕೂಡಿಸಿ ಜನಸಂಖ್ಯೆ ಅಂತ ಕರೆದ್ರೆ ಅದು ಯಾವ ವರ್ಷದ ಜನಸಂಖ್ಯೆ? 588ರ ಸಾಲು ಎರಡು ಸಲ ಬಂದಿದ್ದನ್ನೂ ಒಂದು ಸಾಲಲ್ಲಿ ಬರೆದು, ನಾವು ಒಂದೇ ಸಲ ಎಣಿಸಿದೀವಿ ಅಂತ ತಿಳಿಸಿದ್ವಿ. ಮೇಡಂ ಅದನ್ನ ಓದಿ, ಈ ಥರ ಬರ್ಕೊಂಡು ಬಂದ್ರೆ ನಮಗೆ ಟಿಪ್ಪಣಿ ಬರೆಯೋಕೆ ಸುಲಭ ಅಂದ್ರು.

ಇದನ್ನೇ ಕೇಳೋಕೆ ಈಗ ಹೊರಡೋರಿಗೆ ಒಂದು ಮಾತು. 2027ರ ಗಣತಿಗೆ ಅಂತ ಊರು, ವಾರ್ಡುಗಳ ಗಡಿನ 2025ರ ಡಿಸೆಂಬರ್ 31ಕ್ಕೆ ಇದ್ದ ಹಾಗೇ ಹಿಡಿದಿಟ್ಕೊಂಡು ಎಣಿಸ್ತಾರೆ. ಹಾಗಾಗಿ ಅರ್ಜಿಯಲ್ಲಿ "ಈಗಿನ ಗಡಿ" ಅಂತ ಬರೆಯೋ ಬದಲು "2025ರ ಡಿಸೆಂಬರ್ 31ಕ್ಕೆ ಜಾರಿಯಲ್ಲಿದ್ದ ವಾರ್ಡ್ ಅಧಿಸೂಚನೆ" ಅಂತ ಬರೀರಿ. ನಾಳೆ ಹೊಸ ಅಂಕಿ ಬಂದಾಗ ಅದು ಕೂರೋದು ಆ ಗಡಿ ಮೇಲೆನೇ, ಆಗ ನಿಮ್ಮ ಕೈಲಿರೋ ಚೆಕ್ಕುಬಂದಿ ಜೊತೆ ತಾಳೆ ನೋಡ್ಬಹುದು.

ನಮ್ಮ ಪ್ರಸ್ತಾವನೆ ಈಗ ಜಿಲ್ಲಾ ಕಚೇರಿಯಲ್ಲಿದೆ. ಡಿಸೆಂಬರಲ್ಲಿ ಅಂಗನವಾಡಿ ಮೇಲ್ವಿಚಾರಕಿ ಬಂದು ಎರಡನೇ ಹಂತದಲ್ಲಿ ಅವರದೇ ಸರ್ವೆ ಮಾಡಿದ್ರು, ನಮ್ಮ ನೋಟ್‌ಬುಕ್ ಪಕ್ಕದಲ್ಲಿಟ್ಕೊಂಡು ಒಂದೊಂದೇ ರಸ್ತೆ. ನಾವು ಬಾಗಿಲು ತೆಗೀಲಿಲ್ಲ ಅಂತ ಬಿಟ್ಟಿದ್ದ ಮನೆಗಳಲ್ಲಿ ಒಂದರಲ್ಲಿ ಅವಳಿ ಮಕ್ಕಳಿದ್ವು, ಎಂಟು ತಿಂಗಳವು. ಮೇಲ್ವಿಚಾರಕಿ ಅಲ್ಲೇ ಜಗಲಿ ಮೇಲೆ ಕೂತು ಎರಡೂ ಹೆಸರು ಬರ್ಕೊಂಡ್ರು.